ಅರ್ಥಧಾರಿಯ ದನಿ ಕೀಚಲಾದಾಗ

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ತಾಳಮದ್ದಳೆ ರೆಕಾರ್ಡ್ ಮಾಡುವಾಗ ಬ್ಯಾಟರಿ ಮುಗಿದು ಫೈಲ್ ಕೆಟ್ಟಿತು. ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ Raw Data ಆಗಿ ತೆರೆದು, ಸ್ಯಾಂಪಲ್ ರೇಟ್ ಸುಮ್ನೆ ಅಂದಾಜಿಗೆ 48000 Hz ಕೊಟ್ಟೆ. ಗಂಭೀರ ಭೀಷ್ಮ ಅಳಿಲಿನ ಹಾಗೆ ಕೀಚಲು ದನಿಯಲ್ಲಿ ಮಾತಾಡಿದ!

60 ನಿಮಿಷದ್ದು 40ಕ್ಕೇ ಮುಗಿಯುತ್ತಿತ್ತು. ಅಲ್ಲೇ ಸುಳಿವು ಸಿಕ್ಕಿತು. ಸೆಕೆಂಡಿಗೆ 32000 ಸ್ಯಾಂಪಲ್‌ನಂತೆ ತುಂಬಿದ ದನಿಯನ್ನು ಸಾಫ್ಟ್‌ವೇರ್ 48000ದ ವೇಗದಲ್ಲಿ ಖಾಲಿ ಮಾಡುತ್ತಿತ್ತು. ಲೆಕ್ಕ ಹೀಗೆ:

```
48000 × 40 ÷ 60 = 32000
```

ಮೊದಲು Resample ಒತ್ತಿದೆ, ಏನೂ ಬದಲಾಗಲಿಲ್ಲ. ಅದು ಸ್ಯಾಂಪಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕುತ್ತದೆ, ತಪ್ಪು ವೇಗ ಹಾಗೇ ಉಳಿಯುತ್ತದೆ. ಟ್ರ್ಯಾಕ್ ಹೆಸರಿನ ಮೆನುವಿನಲ್ಲಿ Rate ಅನ್ನು 32000 Hz ಮಾಡಿದೆ. ಭೀಷ್ಮನ ದನಿ ಇಳಿಯಿತು, ಅವಧಿಯೂ 60 ನಿಮಿಷವಾಯಿತು. ಆಮೇಲೇ 48000ಕ್ಕೆ ಎಕ್ಸ್‌ಪೋರ್ಟ್ ಮಾಡಿದೆ.