ಅಪ್ಪನ 1994ರ ಅರ್ಜಿಯನ್ನು ಯಂತ್ರ ಬರೆದಿತ್ತಂತೆ

ಪರಿಚಯದವರೊಬ್ಬರು ಕಾಲೇಜು ಮಕ್ಕಳಿಗೆ ಕನ್ನಡ ಪ್ರಬಂಧ ಸ್ಪರ್ಧೆ ಇಟ್ಟಿದ್ದರು. ವಿಷಯ, ನಮ್ಮೂರ ಕೆರೆ. "ನೀನು ಕಂಪ್ಯೂಟರ್‌ನವನು ತಾನೆ, ಯಾರ್‍ಯಾರು ಎಐ ಕೈಲಿ ಬರೆಸಿದ್ದಾರೆ ಅಂತ ಸ್ವಲ್ಪ ನೋಡಿಕೊಡು" ಅಂದರು. ನಾನೂ ಹುಮ್ಮಸ್ಸಿನಲ್ಲಿ ಒಪ್ಪಿಕೊಂಡೆ.

ನನಗೆ ಗೊತ್ತಿದ್ದ ದಾರಿ ಪರ್ಪ್ಲೆಕ್ಸಿಟಿ, ಅಂದರೆ ಬರಹ ಓದಿ ಮಾಡೆಲ್‌ಗೆ ಎಷ್ಟು ಅಚ್ಚರಿಯಾಗುತ್ತದೆ ಅನ್ನುವ ಅಳತೆ. "ಬೆಕ್ಕಿಗೆ ಚೆಲ್ಲಾಟ" ಅಂದ ಕೂಡಲೇ "ಇಲಿಗೆ ಪ್ರಾಣಸಂಕಟ" ಬರುತ್ತದೆ ಅಂತ ನಿಮಗೆ ಗೊತ್ತು, ಅಲ್ವಾ? ಭಾಷಾ ಮಾಡೆಲ್ ಕೂಡ ಹೀಗೇ ಮುಂದಿನ ತುಂಡನ್ನು, ಅಂದರೆ ಪದವನ್ನೋ ಪದದ ಚೂರನ್ನೋ, ಊಹಿಸುತ್ತದೆ. ಊಹೆ ಸರಿಯಾದಷ್ಟೂ ಪರ್ಪ್ಲೆಕ್ಸಿಟಿ ಇಳಿಯುತ್ತದೆ. ಯಂತ್ರ ಬರೆಯುವಾಗ ಹೆಚ್ಚಾಗಿ ಬರುವ ಸಾಧ್ಯತೆ ಇರುವ ತುಂಡನ್ನೇ ಆರಿಸುತ್ತಾ ಹೋಗುತ್ತದೆ. ಹಾಗಾಗಿ ಅದು ಬರೆದದ್ದನ್ನು ಇನ್ನೊಂದು ಮಾಡೆಲ್‌ಗೆ ಓದಿಸಿದರೆ ಅದಕ್ಕೆ ಅಚ್ಚರಿಯೇ ಆಗುವುದಿಲ್ಲ.

ಇದರ ಜೊತೆಗಾರ ಬರ್ಸ್ಟಿನೆಸ್. ಇದು ವಾಕ್ಯದಿಂದ ವಾಕ್ಯಕ್ಕೆ ಆ ಅಚ್ಚರಿ ಎಷ್ಟು ಏರಿಳಿಯುತ್ತದೆ ಅನ್ನುವ ಲೆಕ್ಕ. ಮನುಷ್ಯರ ಬರಹ ಏರುಪೇರಾಗಿರುತ್ತದೆ, ಯಂತ್ರದ್ದು ಒಂದೇ ಸಮ ಅನ್ನುವುದು ನಂಬಿಕೆ. ಎಷ್ಟೋ ಜನ ಇದನ್ನು ಉಲ್ಟಾ ಹೇಳುತ್ತಾರೆ. ಸಂಶಯಕ್ಕೆ ಕಾರಣ ಏರಿಳಿತವಲ್ಲ, ಏರಿಳಿತ ಇಲ್ಲದಿರುವುದು. 2023ರಲ್ಲಿ ಬಂದ, ಎಐ ಬರಹ ಪತ್ತೆ ಮಾಡುವ ಜಿಪಿಟಿಝೀರೊ ಈ ಎರಡು ಪದಗಳನ್ನು ಎಲ್ಲರ ಬಾಯಿಗೆ ತಂದಿತು.

ಕೈಗೆ ಸಿಕ್ಕ ಜಿಪಿಟಿ-2 ಅನ್ನುವ ಹಳೆಯ ಭಾಷಾ ಮಾಡೆಲ್ ಇಟ್ಟುಕೊಂಡು ಶುರು ಮಾಡಿದೆ. ಕೋಡ್ ಇಷ್ಟೇ:

```python
loss = model(ids, labels=ids).loss
ppl = torch.exp(loss)
```

ಎಲ್ಲ ಪ್ರಬಂಧಗಳಿಗೂ ಒಂದಂಕಿಯ ಉತ್ತರ ಬಂತು. ಇಂಗ್ಲಿಷ್‌ನಲ್ಲಿ ಅಷ್ಟು ಕಡಿಮೆ ಬಂದರೆ ಕಣ್ಣು ಮುಚ್ಚಿಕೊಂಡು "ಯಂತ್ರ" ಅಂತ ಬರೆದುಬಿಡಬಹುದು. ಎಲ್ಲ ಮಕ್ಕಳೂ ಕಳ್ಳರಾ? ಅನುಮಾನ ಬಂದು, 1994ರಲ್ಲಿ ಅಪ್ಪ ಪಂಚಾಯಿತಿಗೆ ಕೊಟ್ಟಿದ್ದ ನಲ್ಲಿ ಅರ್ಜಿಯ ಪ್ರತಿಯನ್ನು ಟೈಪ್ ಮಾಡಿ ಹಾಕಿದೆ. ಅದೂ ಯಂತ್ರದ್ದೇ!

ತಪ್ಪು ಎಲ್ಲಿದೆ ಅಂತ ಹುಡುಕಲು "ಮನೆ" ಅನ್ನುವ ಒಂದೇ ಪದ ತೆಗೆದುಕೊಂಡೆ. ಕಂಪ್ಯೂಟರ್‌ಗೆ ಅದು ಮ, ನ, ಎತ್ವದ ಗುರುತು. ಒಂದೊಂದಕ್ಕೂ ಮೂರು ಬೈಟ್:

```
E0 B2 AE   E0 B2 A8   E0 B3 86
```

ಜಿಪಿಟಿ-2 ಹೆಚ್ಚಾಗಿ ಇಂಗ್ಲಿಷ್ ಓದಿ ಬೆಳೆದದ್ದು. ಅದಕ್ಕೆ "ಮನೆ" ಪದವಾಗಿ ಕಾಣುವುದಿಲ್ಲ, ಬೈಟ್‌ಗಳ ಚೂರಾಗಿ ಕಾಣುತ್ತದೆ. ಕನ್ನಡ ಅಂತ ಗೊತ್ತಾದ ಮೇಲೆ ಮೊದಲ ಬೈಟ್ E0 ಅಂತ ಹೇಳಲು ಜಾಣತನ ಬೇಡ. ಎರಡನೆಯದು B2 ಅಥವಾ B3, ಬೇರೆ ದಾರಿಯೇ ಇಲ್ಲ. ನಿಜವಾದ ಊಹೆ ಇರುವುದು ಮೂರನೆಯದರಲ್ಲಿ ಮಾತ್ರ. ಅಲ್ಲಿ ಹತ್ತು ಆಯ್ಕೆ ಇದೆ ಅಂದುಕೊಳ್ಳಿ. ಒಂದು, ಎರಡು, ಹತ್ತು ಗುಣಿಸಿದರೆ ಇಪ್ಪತ್ತು. ಅಂದರೆ ಒಂದು ಅಕ್ಷರಕ್ಕೆ ಮಾಡೆಲ್‌ನ ಗೊಂದಲ ಇಪ್ಪತ್ತು. ಆದರೆ ಸರಾಸರಿ ತೆಗೆಯುವುದು ತುಂಡಿನ ಲೆಕ್ಕದಲ್ಲಿ, ಇಲ್ಲಿ ಒಂದು ಅಕ್ಷರಕ್ಕೆ ಮೂರು ತುಂಡು. ಇಪ್ಪತ್ತರ ಘನಮೂಲ ಸುಮಾರು 2.7. ಕನ್ನಡವೇ ಬಾರದ ಮಾಡೆಲ್, ಕನ್ನಡವನ್ನು ಅರೆದು ಕುಡಿದ ಹಾಗೆ ಅಂಕ ಕೊಡುತ್ತಿತ್ತು. ಬೇರೆ ಬೇರೆ ರೀತಿ ತುಂಡು ಮಾಡುವ ಮಾಡೆಲ್‌ಗಳ ಅಂಕವನ್ನು ಪಕ್ಕಪಕ್ಕ ಇಡಬಾರದು ಅನ್ನುವುದು ಇದಕ್ಕೇ.

ಕನ್ನಡ ಚೆನ್ನಾಗಿ ಓದಿದ ಮಾಡೆಲ್ ಹಾಕಿದೆ. ಪ್ರಬಂಧಗಳ ಅಂಕಗಳು ಬೇರೆ ಬೇರೆಯಾದವು. ಆದರೂ ಅಪ್ಪನ ಅರ್ಜಿ ತಳದಲ್ಲೇ ಉಳಿಯಿತು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ" ಅಂತ ಶುರುವಾದ ಮೇಲೆ ಮುಂದೇನು ಬರುತ್ತದೆ ಅಂತ ಯಾರು ಬೇಕಾದರೂ ಹೇಳಬಹುದು. ಈ ಸಲ ಮಾಡೆಲ್ ತಪ್ಪು ಮಾಡಿರಲಿಲ್ಲ. ಆ ಭಾಷೆ ನಿಜಕ್ಕೂ ಊಹೆಗೆ ಸಿಗುವಂಥದ್ದೇ. ಬರೆದವರು ಯಾರು ಅನ್ನುವುದನ್ನು ಮಾತ್ರ ಆ ಅಂಕ ಹೇಳುವುದಿಲ್ಲ. ಎರಡನೇ ಭಾಷೆಯಲ್ಲಿ, ಕಲಿತ ನಾಲ್ಕು ವಾಕ್ಯಗಳ ಅಚ್ಚಿನಲ್ಲೇ ಬರೆಯುವವರಿಗೂ ಇದೇ ಗತಿ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಪ್ರಬಂಧಗಳನ್ನು ಎಐ ಬರಹ ಪತ್ತೆ ಮಾಡುವ ಏಳು ಸಾಧನಗಳಿಗೆ ಕೊಟ್ಟು ನೋಡಿದ್ದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದವುಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚು "ಯಂತ್ರ" ಅನ್ನಿಸಿಕೊಂಡವು.

ಬರ್ಸ್ಟಿನೆಸ್ ಇನ್ನೂ ಸುಲಭವಾಗಿ ಮೋಸ ಹೋಗುತ್ತದೆ. ನಮ್ಮ ಹುಡುಗರು "ಕೆರೆಗೆ ಹೋಗಿ, ಈಜಿ, ಬಟ್ಟೆ ಒಣಗಿಸಿಕೊಂಡು ಬಂದು" ಅಂತ ಮಾರುದ್ದ ಬರೆಯುತ್ತಾರೆ, ಮಧ್ಯೆ ಎರಡೇ ಪದದ ವಾಕ್ಯ ಬರುತ್ತದೆ. ಅಂಥ ಒಂದು ಪ್ರಬಂಧವನ್ನು ನಾನೇ ತಿದ್ದಿ, ಉದ್ದ ವಾಕ್ಯಗಳನ್ನೆಲ್ಲ ಸಮನಾಗಿ ಮುರಿದು ಮತ್ತೆ ಅಳೆದೆ. ಏರಿಳಿತ ಬಿತ್ತು. ಅಚ್ಚುಕಟ್ಟಾಗಿ ತಿದ್ದುವ ಮೇಷ್ಟ್ರು ಸಿಕ್ಕ ಮಕ್ಕಳ ಕಥೆ ಯೋಚಿಸಿ.

ಕೊನೆಗೆ ಶೀಟಿನಿಂದ ಪರ್ಪ್ಲೆಕ್ಸಿಟಿ, ಬರ್ಸ್ಟಿನೆಸ್‌ನ ಎರಡು ಕಾಲಂಗಳನ್ನೂ ಅಳಿಸಿದೆ. ಓದಿ ಸಂಶಯ ಬಂದ ಮೂವರಿಗೆ ಫೋನ್ ಮಾಡಿ ಮಾತಾಡಿಸಿದೆವು. ಅತಿ ಕಡಿಮೆ ಪರ್ಪ್ಲೆಕ್ಸಿಟಿ ಬಂದಿದ್ದ ಹುಡುಗಿ ತನ್ನಜ್ಜಿ ಊರಿನ ಕೆರೆ ತೂಬಿನ ಬಗ್ಗೆ ಅರ್ಧ ಗಂಟೆ ಬಿಡದೆ ಮಾತಾಡಿದಳು. ಮೂವರಲ್ಲಿ ಅತಿ ಹೆಚ್ಚು "ಮನುಷ್ಯ" ಅನ್ನಿಸಿಕೊಂಡಿದ್ದ ಹುಡುಗನನ್ನು "ಎರಡನೇ ಪ್ಯಾರಾದಲ್ಲಿ ಏನು ಬರೆದಿದ್ದೀಯಪ್ಪಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಸಾರ್, ಒಂದ್ನಿಮಿಷ, ಫೈಲ್ ಓಪನ್ ಮಾಡ್ತೀನಿ" ಅಂದ.