ಗಂಟೆಗೆ 18, ಕೇಳಿದ್ದು 10 ನಿಮಿಷಕ್ಕೆ: ಫೋಟೋದಲ್ಲಿ ಬರುವ ಪಾಯ್ಸಾನ್ ಲೆಕ್ಕ, ನನ್ನ ಅನುಭವ

ಪಿಯುಸಿ ಮತ್ತು ಬಿಕಾಂ ಮಕ್ಕಳಿಗೆ ಸ್ಟಾಟಿಸ್ಟಿಕ್ಸ್ ಟ್ಯೂಷನ್ ಹೇಳುತ್ತೇನೆ. ರಾತ್ರಿ ಎಂಟರ ಮೇಲೆ ವಾಟ್ಸಾಪ್‌ಗೆ ಲೆಕ್ಕದ ಫೋಟೋಗಳು ಬರುತ್ತವೆ. ಪರೀಕ್ಷೆ ಹತ್ತಿರ ಬಂದಾಗ ಅದರಲ್ಲಿ ಪಾಯ್ಸಾನ್ ಜಾಸ್ತಿ. ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೂ ಉತ್ತರ ತಪ್ಪು. ಮೊದಲು ಪಾಯ್ಸಾನ್ ಕೋಷ್ಟಕದ ಝೆರಾಕ್ಸ್ ಮಾಡಿಸಿ ಹಂಚಿದೆ, ಸುಮಾರು ಆರುನೂರು ರೂಪಾಯಿ ಹೋಯಿತು. ಪ್ರಯೋಜನ ಆಗಲಿಲ್ಲ. ತಪ್ಪು λ ಹಿಡಿದು ಕೋಷ್ಟಕ ನೋಡಿದರೆ ತಪ್ಪು ಉತ್ತರವೇ ಬೇಗ ಸಿಗುತ್ತದೆ, ಅಷ್ಟೇ.

ಆಮೇಲೆ ಒಂದು ನಿಯಮ ತಂದೆ. ಸೂತ್ರ ಬರೆಯುವ ಮೊದಲು "ಸಮಯದ ಸಾಲು" ಬರೆಯಲೇಬೇಕು, ಬರೆಯದ ಲೆಕ್ಕ ನಾನು ನೋಡುವುದೇ ಇಲ್ಲ. ಪಕ್ಕದ ಬೀದಿಯಲ್ಲಿ ಟ್ಯೂಷನ್ ಹೇಳುವ ಮೇಷ್ಟ್ರೊಬ್ಬರು ನಕ್ಕರು. "ಏನ್ ಸರ್, ಮೂರು ಮಾರ್ಕ್ಸಿನ ಲೆಕ್ಕಕ್ಕೆ ಅರ್ಧ ಪುಟ ಬರೆಸ್ತೀರಾ?" ಅಂದರು. ಈಗ ಅವರೂ ಅದನ್ನೇ ಬರೆಸುತ್ತಾರೆ. ನಾನೇನೂ ಕೇಳಲಿಲ್ಲ, ಅವರ ಹುಡುಗರೇ ಹೇಳಿದರು.

ಲೆಕ್ಕ ಹೀಗಿರುತ್ತದೆ. ಬ್ಯಾಂಕ್ ಕೌಂಟರಿಗೆ ಗಂಟೆಗೆ ಸರಾಸರಿ 18 ಜನ ಬರುತ್ತಾರೆ. 10 ನಿಮಿಷದಲ್ಲಿ ಸರಿಯಾಗಿ 2 ಜನ ಬರುವ ಸಂಭವನೀಯತೆ ಎಷ್ಟು? ನಮ್ಮ ಸಮಯದ ಸಾಲು ಇದು:

```
60 ನಿಮಿಷಕ್ಕೆ 18
10 ನಿಮಿಷಕ್ಕೆ 18 × 10/60 = 3
λ = 3
P(2) = e^(-3) × 3^2 / 2! = 0.0498 × 4.5 = 0.2241
```

ಈ ಸಾಲು ಬಿಟ್ಟವರು 18 ಅನ್ನೇ λ ಅಂತ ಹಾಕುತ್ತಾರೆ. ಆಗ ಬರುವ ಉತ್ತರ ಸುಮಾರು 0.0000025. ಹತ್ತು ನಿಮಿಷಕ್ಕೆ ಸರಾಸರಿ ಮೂರು ಜನ ಬರುವ ಕಡೆ ಇಬ್ಬರು ಬರುವುದು ಲಕ್ಷಕ್ಕೆ ಒಂದು ಸಲವೂ ಇಲ್ಲ ಅಂದರೆ ಹೇಗೆ? ಉತ್ತರದಲ್ಲಿ ಸೊನ್ನೆಗಳ ಸಾಲು ಕಂಡರೆ ಮೊದಲು ಸಮಯ ನೋಡಿ ಅಂತ ಹೇಳಿಕೊಟ್ಟಿದ್ದೇನೆ. ಇನ್ನು ಕೆಲವರು ಗಂಟೆಯ ಲೆಕ್ಕ ಪೂರ್ತಿ ಮಾಡಿ, ಬಂದ ಸಂಭವನೀಯತೆಯನ್ನು 6ರಿಂದ ಭಾಗಿಸುತ್ತಾರೆ. ಭಾಗಿಸಬೇಕಾದ್ದು ದರವನ್ನು. ಸಂಭವನೀಯತೆಯನ್ನು ಮುಟ್ಟುವ ಹಾಗಿಲ್ಲ.

ಬುದ್ಧಿವಂತ ಹುಡುಗರದು ಬೇರೆ ಕಥೆ. ಅವರು ಮೊದಲು ನಿಮಿಷದ ದರಕ್ಕೆ ಇಳಿಸುತ್ತಾರೆ. 18 ಆದರೆ ಪರವಾಗಿಲ್ಲ, ನಿಮಿಷಕ್ಕೆ 0.3 ಸರಿಯಾಗಿ ಬರುತ್ತದೆ. ಗಂಟೆಗೆ 20 ಅಂದಾಗ ನೋಡಿ. 0.33 ಅಂತ ಬರೆದು 15ರಿಂದ ಗುಣಿಸಿದರೆ 4.95 ಆಗುತ್ತದೆ, ಬರಬೇಕಾದ್ದು 5. ಪ್ರಶ್ನೆಪತ್ರಿಕೆಯಲ್ಲಿ e^(-5) ಬೆಲೆ ಕೊಟ್ಟಿರುತ್ತಾರೆ, ಇವನು e^(-4.95) ಹುಡುಕುತ್ತಾ ಕೂರುತ್ತಾನೆ. ಅದಕ್ಕೇ ಭಾಗಾಕಾರ ಕೊನೆಗೆ, ಒಂದೇ ಸಾಲಿನಲ್ಲಿ.

ಈಗ ಫೋಟೋದ ವಿಷಯ. "ಗಂಟೆಗೆ 18" ಅನ್ನುವುದು ಪ್ರಶ್ನೆಯ ಮೇಲಿನ ಸಾಲಿನಲ್ಲಿರುತ್ತದೆ. ಮಕ್ಕಳು ತಮಗೆ ಬಾರದ ಮೂರನೇ ಉಪಪ್ರಶ್ನೆಯನ್ನು ಮಾತ್ರ ಕತ್ತರಿಸಿ ಕಳಿಸುತ್ತಾರೆ. ಅಲ್ಲಿ "10 ನಿಮಿಷದಲ್ಲಿ" ಅಂತ ಇರುತ್ತದೆ, ದರವೇ ಇರುವುದಿಲ್ಲ. ಪುಟದ ಮೇಲೆ ಫೋನಿನ ನೆರಳು ಬಿದ್ದರೆ 18 ಇದ್ದದ್ದು 13 ಅಥವಾ 16 ಆಗಿ ಕಾಣುತ್ತದೆ. e ಮೇಲಿನ ಪುಟ್ಟ ಮೈನಸ್ ಚಿಹ್ನೆ ಅಳಿಸಿಹೋಗಿರುತ್ತದೆ. ನನ್ನ ಉಪಾಯ ಹೇಳುತ್ತೇನೆ. ನಮ್ಮ ಕಡೆಯ ಪ್ರಶ್ನೆಗಳಲ್ಲಿ e ಬೆಲೆಯನ್ನು ಬ್ರಾಕೆಟ್‌ನಲ್ಲಿ ಕೊಡುವ ರೂಢಿ ಇದೆಯಲ್ವಾ, ಅದನ್ನು ಮೊದಲು ಓದಿ. 0.0498 ಅಂತ ಇದ್ದರೆ λ 3. ಹತ್ತು ನಿಮಿಷಕ್ಕೆ 3 ಅಂದರೆ ಗಂಟೆಗೆ 18 ಆಗಲೇಬೇಕು, 13 ಆಗಲು ಸಾಧ್ಯವೇ ಇಲ್ಲ. ಹರಿದ ಫೋಟೋದಿಂದಲೂ ಹೀಗೆ ಪ್ರಶ್ನೆ ಕಟ್ಟಿಕೊಟ್ಟಿದ್ದೇನೆ. e ಬೆಲೆಯೂ ಕಾಣದಿದ್ದಾಗ ಮಾಡುವ ಇನ್ನೊಂದು ಉಪಾಯ ಇದೆ, ಅದು ನನ್ನ ಬ್ಯಾಚಿನವರಿಗೆ ಮಾತ್ರ. ಅನ್ನ ಅದರಲ್ಲೇ ಇದೆ, ಬೇಜಾರು ಮಾಡ್ಕೋಬೇಡಿ.

ದರವನ್ನು ಹೀಗೆ ಹಿಗ್ಗಿಸಬಹುದು, ಕುಗ್ಗಿಸಬಹುದು ಅಂತ ನಂಬದವರಿಗೆ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಅದೇ ಬ್ಯಾಂಕ್ ಕೌಂಟರಿಗೆ 20 ನಿಮಿಷದಲ್ಲಿ ಸರಿಯಾಗಿ 2 ಜನ ಬರಬೇಕು. ನೇರ ದಾರಿಯಲ್ಲಿ λ = 6, ಉತ್ತರ 18 × 0.00248, ಅಂದರೆ 0.0446. ಈಗ ಅದೇ 20 ನಿಮಿಷವನ್ನು ಎರಡು ಹತ್ತು ಮಾಡಿ. ಮೊದಲ ಹತ್ತರಲ್ಲಿ ಇಬ್ಬರು, ಆಮೇಲೆ ಯಾರೂ ಇಲ್ಲ: 0.2241 × 0.0498. ಮೊದಲು ಯಾರೂ ಇಲ್ಲ, ಆಮೇಲೆ ಇಬ್ಬರು: ಅಷ್ಟೇ. ಪ್ರತಿ ಹತ್ತರಲ್ಲೂ ಒಬ್ಬೊಬ್ಬರು: 0.1494 × 0.1494. ಮೂರನ್ನೂ ಕೂಡಿ, 0.0446 ಬರುತ್ತದೆ. ಪಕ್ಕದ ಬೀದಿಯ ಆ ಮೇಷ್ಟ್ರು ಕೂಡ ಕ್ಯಾಲ್ಕುಲೇಟರ್ ತೆಗೆದು ಇದನ್ನು ಎರಡು ಸಲ ನೋಡಿದರು. ಹುಡುಗರು ಇಲ್ಲೊಂದು ಕಡೆ ಜಾರುತ್ತಾರೆ: ಸುಮ್ನೆ 0.2241 ಅನ್ನು ವರ್ಗ ಮಾಡಿ 0.0502 ಬರೆಯುತ್ತಾರೆ. ಅದು ಪ್ರತಿ ಹತ್ತು ನಿಮಿಷಕ್ಕೂ ಇಬ್ಬರಿಬ್ಬರು, ಒಟ್ಟು ನಾಲ್ವರು ಬರುವ ಲೆಕ್ಕ.

ಪುಸ್ತಕದ ಲೆಕ್ಕ ಸಾಕಾಗದೆ ಒಮ್ಮೆ ಗೆಳೆಯನ ಮೆಡಿಕಲ್ ಶಾಪಿನಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಖರ್ಚು ಅಂದರೆ ನನ್ನ ಟೀ, ಅವನ ಟೀ, ಅವನ ಹುಡುಗನ ಟೀ. ಹತ್ತು ಹತ್ತು ನಿಮಿಷಕ್ಕೆ ಎಷ್ಟು ಗಿರಾಕಿ ಅಂತ ಗೀಟು ಹಾಕಿದೆ. ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನದವರೆಗೆ ಸರಾಸರಿ ಮೂರರ ಆಸುಪಾಸು, ವೇರಿಯನ್ಸ್ ಕೂಡ ಮೂರಕ್ಕಿಂತ ಚೂರು ಮೇಲೆ. ಪಾಯ್ಸಾನ್‌ನಲ್ಲಿ ಎರಡೂ ಒಂದೇ ಇರಬೇಕಲ್ವಾ, ಹತ್ತಿರ ಬಂತು. ಸಂಜೆ ಪಕ್ಕದ ಕ್ಲಿನಿಕ್ ತೆರೆದ ಮೇಲೆ ಎಲ್ಲ ಕೆಟ್ಟಿತು. ಸರಾಸರಿ ಐದು, ವೇರಿಯನ್ಸ್ ಅದರ ಎರಡರಷ್ಟಕ್ಕೂ ಮೇಲೆ. ಕಾರಣ ಕಣ್ಣೆದುರಿಗೇ ಇತ್ತು. ಒಬ್ಬ ರೋಗಿಯ ಜೊತೆ ಅಮ್ಮ, ಅಣ್ಣ, ಅತ್ತಿಗೆ ಸೇರಿ ಬರುತ್ತಾರೆ. ಒಂದು ಗುಂಪನ್ನು ಒಂದೇ ಅಂತ ಎಣಿಸಿದಾಗ ಮತ್ತೆ ಸರಿಹೋಯಿತು. ಸರಾಸರಿಗಿಂತ ವೇರಿಯನ್ಸ್ ತುಂಬಾ ಮೇಲೆ ಹೋದರೆ ಜನ ಗುಂಪಾಗಿ ಬರುತ್ತಿದ್ದಾರೆ, ಇಲ್ಲವೇ ದರ ನಡುವೆ ಬದಲಾಗುತ್ತಿದೆ ಅಂತ ಅನುಮಾನಪಡಿ.

ದರ ಬದಲಾಗುವುದು ಪರೀಕ್ಷೆಯ ಲೆಕ್ಕದಲ್ಲಿ ಅಪರೂಪ, ಆದರೆ ಬಿಕಾಂ ಪತ್ರಿಕೆಯೊಂದರ ಫೋಟೋದಲ್ಲಿ ಬಂದಿತ್ತು. ಮೊದಲ ಅರ್ಧ ಗಂಟೆ ಗಂಟೆಗೆ 12ರಂತೆ, ಮುಂದಿನ ಅರ್ಧ ಗಂಟೆ ಗಂಟೆಗೆ 24ರಂತೆ. ಪೂರ್ತಿ ಗಂಟೆಗೆ λ = 6 + 12 = 18, ಸರಿಯೇ. ಆದರೆ ರಶ್ ಹೊತ್ತಿನ 10 ನಿಮಿಷ ಕೇಳಿದರೆ 18 ಅನ್ನು 6ರಿಂದ ಭಾಗಿಸಬಾರದು. ಅಲ್ಲಿ 24 × 10/60 = 4. ನನ್ನ ಬ್ಯಾಚಿನ ಬಹುತೇಕರು ಇದನ್ನು ಸರಿ ಮಾಡಿದರು. ಸಮಯದ ಸಾಲಿನಲ್ಲಿ ಯಾವ ಹೊತ್ತು ಅಂತಲೂ ಬರೆದಿದ್ದರು.

ಇನ್ನೊಂದು ಬಗೆಯ ಫೋಟೋ ಬಂದರೆ ಗಾಬರಿ ಬೇಡ: "ಮುಂದಿನ ಗಿರಾಕಿ ಬರಲು 10 ನಿಮಿಷಕ್ಕಿಂತ ಜಾಸ್ತಿ ಆಗುವ ಸಂಭವನೀಯತೆ ಎಷ್ಟು?" ಮಕ್ಕಳು ಇದನ್ನು ಬೇರೆ ಅಧ್ಯಾಯ ಅಂದುಕೊಳ್ಳುತ್ತಾರೆ. ಹತ್ತು ನಿಮಿಷದಲ್ಲಿ ಯಾರೂ ಬರಲಿಲ್ಲ ಅಂತ ಓದಿಕೊಳ್ಳಿ. λ = 3, x = 0, ಉತ್ತರ 0.0498. ಬ್ರಾಕೆಟ್‌ನಲ್ಲಿ ಕೊಟ್ಟ ಬೆಲೆಯೇ ಉತ್ತರ.