ಆಕೆ ‘ಅವರು’ ಆದಾಗ

ಮಡಿಕೇರಿಯಲ್ಲಿ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ನುಡಿಚಿತ್ರಗಳನ್ನು ತಿದ್ದುವುದು ನನ್ನ ಕೆಲಸ. ಕಾಫಿ ಕುಯ್ಲಿನ ಸಮಯದಲ್ಲಿ ಬಂದ ಒಂದು ಬರಹ ನನಗೆ ಬಹಳ ಕಲಿಸಿತು. ಅದರಲ್ಲಿ ತೋಟದ ಮಾಲೀಕರು ‘ಹೇಳುತ್ತಾರೆ’, ತೋಟದ ಲೆಕ್ಕ ಬರೆಯುವ ರೈಟರ್ ‘ವಿವರಿಸುತ್ತಾರೆ’. ಐವತ್ತು ದಾಟಿದ, ಕಾಫಿ ಕುಯ್ಯುವ ಹೆಂಗಸು ಮಾತ್ರ ‘ಹೇಳುತ್ತಾಳೆ’. ವರದಿಗಾರ ಬೇಕಂತ ಹಾಗೆ ಬರೆದಿರಲಿಲ್ಲ. ಲೈನ್ ಮನೆಗಳಲ್ಲಿರುವ ತೋಟದ ಕೂಲಿಯವರ ವಿಷಯ ಬಂದರೆ ಕೈ ತಾನಾಗಿ ‘ಳು’ ಕಡೆಗೆ ಹೋಗಿಬಿಡುತ್ತದೆ. ಇದು ನನಗೆ ಸರಿ ಕಾಣಲಿಲ್ಲ. ಒಂದೇ ಪುಟದಲ್ಲಿ ಒಬ್ಬರಿಗೆ ಮರ್ಯಾದೆ, ಇನ್ನೊಬ್ಬರಿಗೆ ಇಲ್ಲ ಅಂದರೆ ಓದುವವರಿಗೆ ಅದು ಗೊತ್ತಾಗುತ್ತದೆ.

ಮೂಲದಲ್ಲಿ ಹೀಗಿತ್ತು: ‘ಆಕೆ ಬೆಳಿಗ್ಗೆ ಎಂಟಕ್ಕೇ ತೋಟದಲ್ಲಿರುತ್ತಾಳೆ. ತನ್ನ ಚೀಲ ತುಂಬುವ ತನಕ ಕೂರುವುದಿಲ್ಲ. ಇಬ್ಬರು ಮಕ್ಕಳನ್ನು ಒಬ್ಬಳೇ ಸಾಕಿದವಳು. ಮೊನ್ನೆ ಆನೆ ಎದುರಾದಾಗ ಆಕೆಗೆ ಭಯವಾಯಿತು.’

ಮೊದಲು ನಾನು ಸುಮ್ನೆ ಕ್ರಿಯಾಪದ ಬದಲಿಸಿದರೆ ಸಾಕು ಅಂದುಕೊಂಡಿದ್ದೆ. ‘ಆಕೆ ತೋಟದಲ್ಲಿರುತ್ತಾರೆ’ ಅಂತಾಯಿತು. ಹಾಗೆ ಬರೆಯುವವರು ಇದ್ದಾರೆ, ಆದರೆ ನನ್ನ ಕಿವಿಗೆ ಅದು ಒಗ್ಗುವುದಿಲ್ಲ. ‘ಆಕೆ’ಗೆ ‘ಳು’ ಜೋಡಿ, ‘ಅವರು’ಗೆ ‘ರು’ ಜೋಡಿ. ಒಂದನ್ನು ಬದಲಿಸಿದರೆ ಉಳಿದದ್ದೂ ಜೊತೆಗೇ ಬದಲಾಗಬೇಕು. ‘ತನ್ನ ಚೀಲ’ ಇದ್ದದ್ದು ‘ತಮ್ಮ ಚೀಲ’ ಆಗಬೇಕು. ‘ಒಬ್ಬಳೇ’ ಹೋಗಿ ‘ಒಬ್ಬರೇ’, ‘ಸಾಕಿದವಳು’ ಹೋಗಿ ‘ಸಾಕಿದವರು’. ಇವುಗಳಲ್ಲಿ ಜಾಸ್ತಿ ತಪ್ಪಿಹೋಗುವುದು ‘ತನ್ನ’. ‘ಅವರು ತನ್ನ ತೋಟದಲ್ಲಿ’ ಅಂತ ಅಚ್ಚಾಗಿದ್ದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಕೆಲವು ಕಡೆ ಮುಟ್ಟಲೇಬಾರದು. ‘ಕೂರುವುದಿಲ್ಲ’ ಯಾರಿಗಾದರೂ ‘ಕೂರುವುದಿಲ್ಲ’ವೇ. ‘ಆಕೆಗೆ ಭಯವಾಯಿತು’ ಎನ್ನುವಲ್ಲಿ ‘ಅವರಿಗೆ ಭಯವಾಯಿತು’ ಅಂತ ಮಾಡಿದರೆ ಮುಗಿಯಿತು. ಅಲ್ಲಿ ಆದದ್ದು ಭಯ, ಕ್ರಿಯಾಪದ ಭಯದ ಹಿಂದೆ ಹೋಗುತ್ತದೆ. ಮರ್ಯಾದೆಯ ಭರದಲ್ಲಿ ‘ಅವರಿಗೆ ಭಯವಾದರು’ ಅಂತ ತಿದ್ದಿದ ಹೊಸಬರನ್ನು ನೋಡಿದ್ದೇನೆ.

ಈ ಕೆಲಸವನ್ನು ಕಂಪ್ಯೂಟರಿನಲ್ಲಿ ಒಂದೇ ಸಲ ಮುಗಿಸಲು ಹೋಗಿ ನಾನೇ ಕೆಟ್ಟಿದ್ದೇನೆ. ‘ಳು’ ಅಂತ ಹುಡುಕಿದರೆ ಗಿಡಗಳು, ಮಕ್ಕಳು ಎಲ್ಲ ಸಿಕ್ಕುತ್ತವೆ. ಅದಕ್ಕೆ ‘ತ್ತಾಳೆ’ ಹುಡುಕಿ ಎಲ್ಲವನ್ನೂ ‘ತ್ತಾರೆ’ ಮಾಡಿದೆ. ಬರಹದೊಳಗೆ ಆ ತಾಯಿಯದೇ ಮಾತಿತ್ತು: “ಮಗಳು ಚೆನ್ನಾಗಿ ಓದುತ್ತಾಳೆ.” ಅದು “ಮಗಳು ಚೆನ್ನಾಗಿ ಓದುತ್ತಾರೆ” ಅಂತ ಅಚ್ಚಾಯಿತು. ಯಾವ ತಾಯಿ ಮಗಳನ್ನು ಹಾಗೆ ಕರೆಯುತ್ತಾಳೆ? ಮರುದಿನ ವರದಿಗಾರ ಫೋನ್ ಮಾಡಿ, “ಸರ್, ಅವರು ಹಾಗೆ ಹೇಳಲೇ ಇಲ್ಲ” ಅಂದ. ನನಗೆ ನಿಜಕ್ಕೂ ಬೇಸರವಾಯಿತು. ಅಂದಿನಿಂದ ಉದ್ಧರಣ ಚಿಹ್ನೆಯೊಳಗಿನ ಮಾತು ಆಡಿದವರದು, ಅದನ್ನು ಮುಟ್ಟುವುದಿಲ್ಲ. ದುಬಾರೆಯ ಮಾವುತ ತನ್ನ ಆನೆಯನ್ನು “ಅವನು ಬಂದ” ಅಂದರೆ ಹಾಗೇ ಇರಲಿ. ಹೊರಗೆ ನಮ್ಮ ವಾಕ್ಯದಲ್ಲಿ ಮಾತ್ರ ‘ಆನೆ ಬಂದಿತು’.

ಈಗ ನಾನು ಒಬ್ಬೊಬ್ಬ ವ್ಯಕ್ತಿಗೆ ಒಂದೊಂದು ಸುತ್ತು ಓದುತ್ತೇನೆ. ಮೊದಲು ಆ ಹೆಂಗಸಿನ ಬಗ್ಗೆ ಬಂದ ಪದಗಳನ್ನಷ್ಟೇ ಮೊದಲಿಂದ ಕೊನೆತನಕ ಗುರುತು ಮಾಡುತ್ತೇನೆ. ಆಮೇಲೆ ಮಾಲೀಕರದ್ದು. ಆಗ ಇನ್ನೊಂದು ತೊಡಕು ಕಾಣುತ್ತದೆ. ಎಲ್ಲರೂ ‘ಅವರು’ ಆದ ಮೇಲೆ ಯಾರು ಯಾರು ಅಂತ ತಿಳಿಯುವುದಿಲ್ಲ. ‘ಮಾಲೀಕರು ಕಣಕ್ಕೆ ಬಂದರು. ಅವರು ಚೀಲ ಇಳಿಸಿದರು.’ ಚೀಲ ಇಳಿಸಿದ್ದು ಮಾಲೀಕರೋ, ಆ ಹೆಂಗಸೋ, ಅಥವಾ ನಾಲ್ಕು ಜನವೋ? ಮೊದಲು ‘ಆಕೆ’ ಇದ್ದಾಗ ಈ ಗೊಂದಲ ಇರಲಿಲ್ಲ. ಇಂಥ ಕಡೆ ಹೆಸರನ್ನೇ ಮತ್ತೆ ಬರೆಯುತ್ತೇನೆ. ಹೆಸರು ಎರಡು ಸಲ ಬಂದರೆ ಓದುವವರಿಗೆ ಏನೂ ತೊಂದರೆ ಇಲ್ಲ.

ವಿರಾಜಪೇಟೆ ಕಡೆಯ ಒಬ್ಬ ವರದಿಗಾರನ ಬರಹದಲ್ಲಿ ಈ ತಪ್ಪು ಬೇರೆ ರೀತಿ ಬರುತ್ತಿತ್ತು. ‘ತಾಯಿ ಬಂದನು’ ಅಂತ ಕೂಡ ಒಮ್ಮೆ ಬಂದಿತ್ತು. ಅವನ ಮನೆಮಾತು ಮಲಯಾಳ. ಅಲ್ಲಿ ಅವನು ಬಂದರೂ ಅವಳು ಬಂದರೂ ಅವರು ಬಂದರೂ ‘ವನ್ನು’ ಒಂದೇ. ಕ್ರಿಯಾಪದ ಬದಲಾಗುವುದೇ ಇಲ್ಲ. ಇದು ಗೊತ್ತಾದ ಮೇಲೆ ನಾನು ಅವನಿಗೆ ಒಂದೇ ಮಾತು ಹೇಳಿದೆ: ವಾಕ್ಯ ಮುಗಿದ ಕೂಡಲೇ ‘ಯಾರು?’ ಅಂತ ಕೇಳಿಕೊಂಡು ಕೊನೆಯ ಅಕ್ಷರ ನೋಡು. ಅವನ ತಪ್ಪು ಬಹಳ ಕಡಿಮೆಯಾಯಿತು.

ಕಾವೇರಿಯ ವಿಷಯದಲ್ಲಿ ನಾವು ಎರಡನ್ನೂ ಇಟ್ಟುಕೊಂಡಿದ್ದೇವೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಆಕೆ ತೀರ್ಥರೂಪದಲ್ಲಿ ‘ಬರುತ್ತಾಳೆ’. ಮಳೆಗಾಲದಲ್ಲಿ ಭಾಗಮಂಡಲದ ರಸ್ತೆ ಮುಳುಗಿದಾಗ ನದಿ ‘ಉಕ್ಕಿ ಹರಿಯಿತು’. ದೇವಿಗೆ ‘ಳು’ ಹತ್ತಿರದ ಮಾತು, ಅದರಲ್ಲಿ ಅಗೌರವ ಇಲ್ಲ.

ಇನ್ನೂ ಜಗಳ ಆಗುವುದು ಹಾಕಿ ಆಡುವ ಹುಡುಗಿಯರ ಬಗ್ಗೆ. ಎಂಟನೇ ಕ್ಲಾಸಿನವಳು ‘ಗೋಲು ಹೊಡೆದಳು’ ಸರಿ. ಪಿಯುಸಿಯ ಹುಡುಗಿ ರಾಜ್ಯ ತಂಡಕ್ಕೆ ಆಡಿದರೆ? ನಾನು ‘ಹೊಡೆದರು’ ಅನ್ನುತ್ತೇನೆ, ಕ್ರೀಡಾ ಪುಟದ ಗೆಳೆಯ ಒಪ್ಪುವುದಿಲ್ಲ. ಸದ್ಯಕ್ಕೆ 18 ತುಂಬಿದವರಿಗೆ ‘ರು’ ಅಂತ ಮಾಡಿಕೊಂಡಿದ್ದೇವೆ. ಹುಡುಗರ ತಂಡದವರಿಗೂ ಅದೇ ಲೆಕ್ಕ.